ಕುಚ್ಚಿನ ರೀಲ್‌ಗೆ ₹2,360: ಬೂಸ್ಟ್ ಒತ್ತುವ ಮುಂಚಿನ ಲೆಕ್ಕ

ನಮ್ಮ ಅತ್ತಿಗೆಗೆ ಹಾಸನದಲ್ಲಿ ಒಂದು ಪುಟ್ಟ ಅಂಗಡಿ ಇದೆ. ಸೀರೆ ಸೆರಗಿಗೆ ಕುಚ್ಚು, ಫಾಲ್, ಪಿಕೋ, ಜೊತೆಗೆ ಬ್ಲೌಸ್ ಹೊಲಿಗೆ. ಅವರ ಜೊತೆ ಇನ್ನಿಬ್ಬರು ಹೆಂಗಸರು ಕೆಲಸ ಮಾಡುತ್ತಾರೆ. ಇನ್‌ಸ್ಟಾಗ್ರಾಂ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು, ಮನೆಯಲ್ಲಿ ಫೋನ್ ಜಾಸ್ತಿ ಒತ್ತುವವನು ನಾನೇ ಅಂತ.

ದುಡ್ಡು ಕೊಟ್ಟು ರೀಲನ್ನು ಜಾಹೀರಾತಿನ ಥರ ಇನ್ನಷ್ಟು ಜನಕ್ಕೆ ತೋರಿಸುವುದೇ ಬೂಸ್ಟ್. ಮೊದಲ ಸಲ ಬೂಸ್ಟ್ ಮಾಡಿದಾಗ ನಾನು ಮಾಡಿದ್ದು ಇಷ್ಟೇ. ಒಂದು ರೀಲ್ ಚೆನ್ನಾಗಿ ಓಡುತ್ತಿತ್ತು. ಅದಕ್ಕೆ ಸಾವಿರ ರೂಪಾಯಿ, ಎರಡು ದಿನ, ಊರು ಇಡೀ ಕರ್ನಾಟಕ, ವಯಸ್ಸು 18ರಿಂದ 65, ಗುರಿ ಪ್ರೊಫೈಲ್ ನೋಡಲಿ ಅಂತ. ಎರಡು ದಿನ ಲೈಕ್ ಬಂದವು, ಫಾಲೋವರ್ಸ್ ಬಂದರು. ಕಲಬುರಗಿಯಿಂದ ಒಬ್ಬರು ‘ಸೂಪರ್’ ಅಂತ ಕಾಮೆಂಟ್ ಹಾಕಿದರು. ಅಂಗಡಿಗೆ ಒಂದು ಸೀರೆಯೂ ಬರಲಿಲ್ಲ. ಅತ್ತಿಗೆ ಏನೂ ಅನ್ನಲಿಲ್ಲ. ‘ಸಾವಿರ ರೂಪಾಯಿಗೆ ಎಷ್ಟು ರೇಷ್ಮೆ ದಾರ ಬರ್ತಿತ್ತು ಗೊತ್ತಾ?’ ಅಂತ ಕೇಳಿದರು, ಅಷ್ಟೇ.

ತಪ್ಪು ಬಟನ್‌ನಲ್ಲಿ ಇರಲಿಲ್ಲ. ನಾನು ಫೋನ್ ಹಿಡಿದುಕೊಂಡು ಶುರು ಮಾಡಿದ್ದೆ. ಶುರು ಮಾಡಬೇಕಿದ್ದು ಅಂಗಡಿಯ ನೋಟ್‌ಬುಕ್‌ನಿಂದ. 2025ರ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಎರಡನೇ ಸಲ ಪ್ರಯತ್ನ ಮಾಡಿದಾಗ ಹಾಗೇ ಮಾಡಿದೆವು. ಆ ಲೆಕ್ಕವನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತೇನೆ. ನಿಮ್ಮದು ಬೇಕರಿಯೋ ಚಪ್ಪಲಿ ಅಂಗಡಿಯೋ ಆಗಿದ್ದರೆ ಅಂಕಿ ಬದಲಾಗುತ್ತದೆ, ಹಾಕುವ ಕ್ರಮ ಇದೇ.

ಮೊದಲು ಕೈ ಎಷ್ಟಿದೆ ನೋಡಿ

ಅತ್ತಿಗೆಯನ್ನು ನಾನು ಕೇಳಿದ ಮೊದಲ ಪ್ರಶ್ನೆ ಬಜೆಟ್ ಬಗ್ಗೆ ಅಲ್ಲ. ‘ಮಾಮೂಲಿ ಗಿರಾಕಿಗಳ ಕೆಲಸ ಬಿಟ್ಟು, ಹಬ್ಬದೊಳಗೆ ಇನ್ನೆಷ್ಟು ಸೀರೆ ಮುಗಿಸಬಹುದು?’ ಅಂತ ಕೇಳಿದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿ ಮೂವತ್ತು ಅಂದರು. ಆಷಾಢದಲ್ಲಿ ಮದುವೆ ಇರುವುದಿಲ್ಲ, ಕೈ ಸ್ವಲ್ಪ ಖಾಲಿ ಇರುತ್ತದೆ. ಅದಕ್ಕೇ ಮೂವತ್ತು. ಇಲ್ಲದಿದ್ದರೆ ಹದಿನೈದೂ ಕಷ್ಟ.

ಈ ಮೂವತ್ತು ಬಹಳ ಮುಖ್ಯ. ಇದಕ್ಕಿಂತ ಜಾಸ್ತಿ ಗಿರಾಕಿ ತರುವ ಜಾಹೀರಾತಿಗೆ ದುಡ್ಡು ಹಾಕಿದರೆ, ಬಂದವರನ್ನು ವಾಪಸ್ ಕಳಿಸಲು ನಾವೇ ಖರ್ಚು ಮಾಡಿದ ಹಾಗೆ.

ಆಮೇಲೆ ಒಂದು ಸೀರೆಯಲ್ಲಿ ಉಳಿಯುವುದೆಷ್ಟು ಅಂತ ನೋಡಿದೆವು. ರೀಲ್‌ನಲ್ಲಿ ತೋರಿಸಿದ್ದು ಮಣಿ ಹಾಕಿದ ಕ್ರೋಶಾ ಕುಚ್ಚು, ಬೆಲೆ ₹600. ದಾರ, ಮಣಿಗೆ ₹90. ಕೆಲಸ ಮಾಡಿದವರಿಗೆ ₹260. ಉಳಿಯುವುದು ₹250. ಅದರಲ್ಲೇ ಬಾಡಿಗೆ, ಕರೆಂಟ್ ಬಿಲ್ಲು ಎಲ್ಲ ಬರಬೇಕು. ‘ಹೊಸ ಗಿರಾಕಿಯನ್ನು ಕರೆತಂದವರಿಗೆ ಒಂದು ಸೀರೆಗೆ ಎಷ್ಟು ಕೊಡ್ತೀರಿ?’ ಅಂದೆ. ‘ಎಂಬತ್ತು ಕೊಡಬಹುದು’ ಅಂದರು. ಮೂವತ್ತು ಸೀರೆಗೆ ತಲಾ ₹80, ಒಟ್ಟು ₹2,400. ಬಜೆಟ್ ಹುಟ್ಟಿದ್ದು ಹೀಗೆ.

ಇನ್ನೊಂದು ಅಂಕಿ ಬೇಕು. ಮೆಸೇಜ್ ಮಾಡಿದವರೆಲ್ಲ ಸೀರೆ ತರುವುದಿಲ್ಲ, ಅಲ್ವಾ? ಅತ್ತಿಗೆಯ ವಾಟ್ಸಾಪ್ ತೆಗೆದು ಹಿಂದಿನ ತಿಂಗಳ ಹೊಸ ನಂಬರ್‌ಗಳನ್ನು ಎಣಿಸಿದೆವು. ಹೆಚ್ಚು ಕಡಿಮೆ ಐದು ಜನ ವಿಚಾರಿಸಿದರೆ ಒಬ್ಬರು ಬಂದಿದ್ದರು. ಅಂದರೆ ಒಂದು ಸೀರೆಗೆ ₹80 ಆದರೆ ಒಂದು ಮೆಸೇಜ್‌ಗೆ ₹16. ಇಲ್ಲಿ ಒಂದು ಸಣ್ಣ ವಿಷಯ ತಪ್ಪಿಹೋಗುತ್ತದೆ. ಜಾಹೀರಾತಿನ ದುಡ್ಡಿನ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ಆದರೆ ‘ಒಂದು ಮೆಸೇಜ್‌ಗೆ ಇಷ್ಟು ಖರ್ಚಾಯಿತು’ ಅಂತ ಆ್ಯಪ್ ತೋರಿಸುವಾಗ ಆ ತೆರಿಗೆ ಅದರಲ್ಲಿ ಸೇರಿರುವುದಿಲ್ಲ. ಹಾಗಾಗಿ ನಮ್ಮ ಜೇಬಿನ ₹16 ಅಂದರೆ ಸ್ಕ್ರೀನ್ ಮೇಲೆ ಸುಮಾರು ₹13.50. ಅದನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ದೊಡ್ಡದಾಗಿ ಬರೆದಿಟ್ಟೆವು.

ನಿಮ್ಮ ಹತ್ತಿರ ಹಳೆಯ ಲೆಕ್ಕ ಇಲ್ಲದಿದ್ದರೆ ಹತ್ತಕ್ಕೆ ಒಬ್ಬರು ಅಂತ ಹಿಡಿಯಿರಿ. ಕಡಿಮೆ ಹಿಡಿದು ಜಾಸ್ತಿ ಬಂದರೆ ಯಾರೂ ಬೇಜಾರಾಗುವುದಿಲ್ಲ.

ದಿನ ಎಣಿಸುವುದು ಹಬ್ಬದಿಂದ ಹಿಂದಕ್ಕೆ

ಎಷ್ಟು ದಿನ ಓಡಿಸಬೇಕು ಅನ್ನುವುದಕ್ಕೆ ‘ಏಳು ದಿನ ಒಳ್ಳೆಯದು’ ಅನ್ನುವ ಥರದ ಉತ್ತರ ಎಲ್ಲ ಕಡೆ ಸಿಗುತ್ತದೆ. ನಮಗೆ ಅದು ಉಪಯೋಗಕ್ಕೆ ಬರಲಿಲ್ಲ. ಆ ವರ್ಷ ಹಬ್ಬ ಆಗಸ್ಟ್ 8, ಶುಕ್ರವಾರ. ಸೀರೆ ಬುಧವಾರ 6ಕ್ಕಾದರೂ ಗಿರಾಕಿಯ ಕೈ ಸೇರಬೇಕು. ಸರದಿ ತುಂಬಿರುವಾಗ ಒಂದು ಸೀರೆ ಕೊಟ್ಟು ವಾಪಸ್ ತಗೊಳ್ಳಲು ಎಂಟು ದಿನ ಬೇಕು. ಹಾಗಾದರೆ ಸೀರೆ ತೆಗೆದುಕೊಳ್ಳುವ ಕೊನೆಯ ದಿನ ಜುಲೈ 29. ರೀಲ್ ನೋಡಿದವರು ಅವತ್ತೇ ಬರುವುದಿಲ್ಲ. ವಿಚಾರಿಸಿ, ಮನೆಯಲ್ಲಿ ಮಾತಾಡಿ, ಪೇಟೆಗೆ ಬರುವ ದಿನ ನೋಡಿಕೊಂಡು ಬರುತ್ತಾರೆ. ಅದಕ್ಕೆ ಎರಡು ದಿನ ಬಿಟ್ಟರೆ ಬೂಸ್ಟ್ ಜುಲೈ 27ಕ್ಕೆ ನಿಲ್ಲಬೇಕು.

ಇದನ್ನು ಹಾಕದೆ ಹಬ್ಬದ ವಾರವೇ ಬೂಸ್ಟ್ ಮಾಡಿದ್ದರೆ ಮೆಸೇಜ್ ಇನ್ನೂ ಜಾಸ್ತಿ ಬರುತ್ತಿತ್ತು, ಗ್ಯಾರಂಟಿ. ಎಲ್ಲರಿಗೂ ‘ಆಗಲ್ಲ ಅಕ್ಕ’ ಅಂತ ಹೇಳಬೇಕಾಗುತ್ತಿತ್ತು.

ಶುರು ಯಾವಾಗ? ಎರಡು ಕಂತು ಮಾಡಿದೆವು. ಜುಲೈ 14ರ ಸೋಮವಾರದಿಂದ ನಾಲ್ಕು ದಿನ ಪರೀಕ್ಷೆಗೆ. ಮಧ್ಯೆ ಒಂದೆರಡು ದಿನ ಸರಿ ತಪ್ಪು ನೋಡಲು. ಆಮೇಲೆ ಜುಲೈ 20ರ ಭಾನುವಾರದಿಂದ ಏಳು ದಿನ. ಜುಲೈ 24ಕ್ಕೆ ಭೀಮನ ಅಮಾವಾಸ್ಯೆ, ಮರುದಿನದಿಂದ ಶ್ರಾವಣ. ಹಬ್ಬದ ಸೀರೆ ಬೀರುವಿನಿಂದ ಹೊರಗೆ ಬರುವ ಹೊತ್ತು ಅದು.

ರೀಲ್ ಬೂಸ್ಟ್‌ಗೆ ಒಪ್ಪುತ್ತದೆಯಾ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಕೌಂಟ್ ಪ್ರೊಫೆಷನಲ್ ಆಗಿರಬೇಕು. ಪರ್ಸನಲ್ ಅಕೌಂಟ್‌ನಲ್ಲಿ ಬೂಸ್ಟ್ ಬಟನ್ನೇ ಕಾಣುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಟೈಪ್ ಬದಲಾಯಿಸಬಹುದು, ದುಡ್ಡು ಬೇಕಿಲ್ಲ. ವಾಟ್ಸಾಪ್‌ಗೆ ಮೆಸೇಜ್ ಬರಬೇಕಿದ್ದರೆ ಅಂಗಡಿಯ ವಾಟ್ಸಾಪ್ ಬಿಸಿನೆಸ್ ನಂಬರನ್ನು ಇನ್‌ಸ್ಟಾಗ್ರಾಂ ಪ್ರೊಫೈಲ್‌ಗೆ ಮೊದಲೇ ಜೋಡಿಸಿಡಿ.

ಹೆಚ್ಚಿನವರು ಎಡವುವುದು ಹಾಡಿನಲ್ಲಿ. ಸಿನಿಮಾ ಹಾಡು ಹಾಕಿದ ರೀಲ್ ಸುಮ್ನೆ ಪೋಸ್ಟ್ ಆಗುತ್ತದೆ, ಓಡುತ್ತದೆ, ಆದರೆ ಬೂಸ್ಟ್ ಮಾಡಲು ಹೋದರೆ ಕಾಪಿರೈಟ್ ಅಂತ ತಡೆಯುತ್ತದೆ. ಬೂಸ್ಟ್ ಮಾಡುವ ಉದ್ದೇಶವಿದ್ದರೆ ಮೊದಲೇ ಸ್ವಂತ ಧ್ವನಿಯಲ್ಲಿ ಮಾಡಿ. ಅತ್ತಿಗೆಯ ರೀಲ್‌ನಲ್ಲಿ ಇರುವುದು ಅವರ ಮಾತು, ಹಿಂದೆ ಫ್ಯಾನ್ ಸದ್ದು, ಒಮ್ಮೆ ರಸ್ತೆಯ ಆಟೋ ಹಾರ್ನ್. ಅದರಿಂದ ತೊಂದರೆಯೇನೂ ಆಗಲಿಲ್ಲ.

ಇನ್ನೊಂದು: ರೀಲ್‌ನ ಮೊದಲ ಚಿತ್ರದ ಮೇಲೆ ಊರಿನ ಹೆಸರು ಬರೆಯಿರಿ. ‘ಹಾಸನದಲ್ಲಿ ಸೀರೆ ಕುಚ್ಚು’ ಅಂತ ದಪ್ಪ ಅಕ್ಷರದಲ್ಲಿದ್ದರೆ ಬೇರೆ ಊರಿನವರು ತಾವಾಗಿ ಮುಂದೆ ಹೋಗುತ್ತಾರೆ. ಆಡಿಯನ್ಸ್ ಆರಿಸುವ ಕೆಲಸದ ಅರ್ಧ ಭಾಗ ರೀಲ್‌ನ ಒಳಗೇ ಆಗುತ್ತದೆ. ನಾವು ಇದನ್ನು ತಡವಾಗಿ ಕಲಿತೆವು, ಮುಂದೆ ಹೇಳುತ್ತೇನೆ.

ಕ್ಯಾಪ್ಷನ್‌ನಲ್ಲಿ ಬೆಲೆ, ಅಂಗಡಿ ಇರುವ ಜಾಗ, ಕೊನೆಯ ದಿನ ಇರಲಿ. ಬೂಸ್ಟ್ ಓಡುತ್ತಿರುವಾಗ ಕ್ಯಾಪ್ಷನ್ ತಿದ್ದಲು ಹೋಗುವ ಪರಿಸ್ಥಿತಿ ಬರಬಾರದು. ಒತ್ತುವ ಮುಂಚೆಯೇ ಇನ್ನೊಬ್ಬರಿಂದ ಓದಿಸಿ.

ಗುರಿ: ಪ್ರೊಫೈಲ್ ಅಲ್ಲ, ಮೆಸೇಜ್

ರೀಲ್ ಕೆಳಗಿನ Boost reel ಒತ್ತಿದರೆ ಮೊದಲು ಗುರಿ ಕೇಳುತ್ತದೆ. ಮುಖ್ಯವಾಗಿ ಮೂರು ಇರುತ್ತವೆ: ಪ್ರೊಫೈಲ್ ನೋಡಲಿ, ವೆಬ್‌ಸೈಟ್‌ಗೆ ಹೋಗಲಿ, ಮೆಸೇಜ್ ಮಾಡಲಿ. ಇದನ್ನು ಬರೀ ಬಟನ್‌ನ ಹೆಸರು ಅಂದುಕೊಳ್ಳಬೇಡಿ. ನೀವು ಆರಿಸಿದ ಊರಿನಲ್ಲಿ ಸಾವಿರಾರು ಜನ ಇದ್ದಾರೆ. ಅವರಲ್ಲಿ ಯಾರಿಗೆ ತೋರಿಸಬೇಕು ಅಂತ ಇನ್‌ಸ್ಟಾಗ್ರಾಂ ತೀರ್ಮಾನ ಮಾಡುವುದು ಈ ಗುರಿ ನೋಡಿಕೊಂಡು. ಪ್ರೊಫೈಲ್ ಅಂದರೆ ಕಂಡ ಪ್ರೊಫೈಲ್ ಎಲ್ಲ ತೆರೆದು ನೋಡುವ ಅಭ್ಯಾಸದವರನ್ನು ಹುಡುಕುತ್ತದೆ. ಅವರು ನೋಡುತ್ತಾರೆ, ಹೋಗುತ್ತಾರೆ. ಮೆಸೇಜ್ ಅಂದರೆ ವಿಚಾರಿಸುವ ಅಭ್ಯಾಸ ಇರುವವರನ್ನು ಹುಡುಕುತ್ತದೆ. ನನ್ನ ಮೊದಲ ಸಾವಿರ ರೂಪಾಯಿ ಹೋಗಿದ್ದು ಇಲ್ಲೇ.

ಮೆಸೇಜ್‌ನ ಖರ್ಚು ಪ್ರೊಫೈಲ್ ಭೇಟಿಗಿಂತ ತುಂಬಾ ಜಾಸ್ತಿ ಕಾಣುತ್ತದೆ. ಹೆದರಬೇಡಿ. ಹೋಲಿಸಬೇಕಾದದ್ದು ನಿಮ್ಮ ನೋಟ್‌ಬುಕ್ಕಿನ ಅಂಕಿಯ ಜೊತೆ.

ಆಡಿಯನ್ಸ್: ಯಾರು ನಿಜವಾಗಿ ನಡೆದು ಬರುತ್ತಾರೆ

ಇಲ್ಲಿ ಆ್ಯಪ್ ಮೊದಲು ತಾನೇ ಒಂದು ಆಡಿಯನ್ಸ್ ಕೊಡುತ್ತದೆ. ನಿಮ್ಮ ಫಾಲೋವರ್ಸ್ ಥರದ ಜನ ಅಂತ. ಸುಲಭ ಅನಿಸುತ್ತದೆ. ಆದರೆ ನಿಮ್ಮ ಫಾಲೋವರ್ಸ್ ಯಾರು ಅಂತ ಒಮ್ಮೆ ಕೂತು ನೋಡಿ. ಅತ್ತಿಗೆಯ ಪಟ್ಟಿ ನೋಡಿದಾಗ ನಗು ಬಂತು. ನೆಂಟರು, ನನ್ನ ಸ್ನೇಹಿತರು, ಮಿಕ್ಕವರಲ್ಲಿ ಬಹಳ ಮಂದಿ ಬೇರೆ ಬೇರೆ ಊರಿನ ಕುಚ್ಚು ಹಾಕುವವರೇ. ಕೈಕೆಲಸದ ರೀಲ್‌ಗಳನ್ನು ಅದೇ ಕೆಲಸ ಮಾಡುವವರು ಆಸೆಯಿಂದ ನೋಡುತ್ತಾರೆ, ಸೇವ್ ಮಾಡಿಕೊಳ್ಳುತ್ತಾರೆ. ಅವರ ಥರದವರನ್ನು ಹುಡುಕು ಅಂತ ದುಡ್ಡು ಕೊಟ್ಟರೆ ಸಿಗುವುದು ಇನ್ನಷ್ಟು ಕುಚ್ಚು ಹಾಕುವವರು. ಕೇಕ್ ಮಾಡುವವರಿಗೆ, ಮೆಹಂದಿ ಹಾಕುವವರಿಗೆ, ಟೈಲರ್‌ಗಳಿಗೆ ಎಲ್ಲರಿಗೂ ಇದೇ ಕಥೆ. ದಿನಸಿ ಅಂಗಡಿಗೆ ಈ ಸಮಸ್ಯೆ ಇಲ್ಲ.

ಹಾಗಾಗಿ ಆಡಿಯನ್ಸ್ ನಾವೇ ಮಾಡಿಕೊಳ್ಳುವ ಆಯ್ಕೆ ಒತ್ತಿದೆವು. ಜಾಗಕ್ಕೆ ಎರಡು ದಾರಿ ಇವೆ. ರಾಜ್ಯ, ಜಿಲ್ಲೆ, ಊರಿನ ಹೆಸರು ಹಾಕುವುದು ಒಂದು. Local ಅಂತ ಅಂಗಡಿಯ ವಿಳಾಸ ಕೊಟ್ಟು ಸುತ್ತ ಇಷ್ಟು ಕಿಲೋಮೀಟರ್ ಅನ್ನುವುದು ಇನ್ನೊಂದು. ಸಣ್ಣ ಅಂಗಡಿಗೆ ಎರಡನೆಯದು.

ಎಷ್ಟು ಕಿಲೋಮೀಟರ್? ಕುಚ್ಚಿಗೆ ಗಿರಾಕಿ ಎರಡು ಸಲ ಬರಬೇಕು, ಸೀರೆ ಕೊಡಲು ಒಮ್ಮೆ, ತಗೊಳ್ಳಲು ಒಮ್ಮೆ. ₹600ರ ಕೆಲಸಕ್ಕೆ ಸಕಲೇಶಪುರದಿಂದ ಯಾರೂ ಎರಡು ಸಲ ಬಸ್ ಹತ್ತುವುದಿಲ್ಲ. ಅಲ್ಲೂ ಕುಚ್ಚು ಹಾಕುವವರಿದ್ದಾರೆ. ಅತ್ತಿಗೆಯ ರಸೀದಿ ಪುಸ್ತಕ ತಿರುವಿ ಹಾಕಿದಾಗ ಗಿರಾಕಿಗಳೆಲ್ಲ ಪೇಟೆಯ ಬಡಾವಣೆಗಳಿಂದ, ಸುತ್ತಲಿನ ಹಳ್ಳಿಗಳಿಂದ, ಕೆಲವರು ಆಲೂರಿನ ಕಡೆಯಿಂದ. ಹನ್ನೆರಡು ಕಿಲೋಮೀಟರ್ ಹಾಕಿದೆವು. ಅದೇ ₹15,000ದ ಬ್ರೈಡಲ್ ಬ್ಲೌಸ್ ಆಗಿದ್ದರೆ ನಲವತ್ತು ಕಿಲೋಮೀಟರ್ ದೂರದ ಚನ್ನರಾಯಪಟ್ಟಣ, ಬೇಲೂರಿನವರೂ ಬರುತ್ತಾರೆ. ವಸ್ತುವಿನ ಬೆಲೆ ಮತ್ತು ಎಷ್ಟು ಸಲ ಓಡಾಡಬೇಕು ಅನ್ನುವುದು ದೂರ ಹೇಳುತ್ತದೆ. ಒಂದು ಎಚ್ಚರ: ಇದು ನಕ್ಷೆಯ ಮೇಲೆ ಎಳೆದ ವೃತ್ತ. ರಸ್ತೆಯ ಕಿಲೋಮೀಟರ್ ಇದಕ್ಕಿಂತ ಜಾಸ್ತಿ ಇರುತ್ತದೆ.

ವೃತ್ತದ ಒಳಗೆ ಸಿಗುವವರೆಲ್ಲ ಊರಿನವರೇ ಅಂತಲೂ ಅಲ್ಲ. ಅಲ್ಲಿ ವಾಸ ಇರುವವರ ಜೊತೆ ಇತ್ತೀಚೆಗೆ ಆ ಜಾಗದಲ್ಲಿದ್ದವರೂ ಲೆಕ್ಕಕ್ಕೆ ಸೇರುತ್ತಾರೆ. ಹಾಸನ ಬೆಂಗಳೂರು–ಮಂಗಳೂರು ಹೆದ್ದಾರಿಯ ಊರು. ಊಟಕ್ಕೆ ನಿಲ್ಲಿಸಿದವರು, ಬಸ್ ಬದಲಿಸಿದವರು ಎಲ್ಲರ ಫೋನೂ ಆ ವೃತ್ತ ದಾಟಿ ಹೋಗಿರುತ್ತದೆ. ನಮಗೆ ಮಂಗಳೂರಿನಿಂದ ಎರಡು ಮೆಸೇಜ್ ಬಂದವು. ಇದನ್ನು ಪೂರ್ತಿ ತಡೆಯಲು ಬೂಸ್ಟ್‌ನಲ್ಲಿ ದಾರಿ ಇಲ್ಲ. ರೀಲ್ ಮೇಲೆ ಊರಿನ ಹೆಸರು ಇರಬೇಕು ಅಂದಿದ್ದು ಇದಕ್ಕೂ ಸೇರಿ.

ಮಹಿಳೆಯರು, 24ರಿಂದ 55 ಅಂತ ಹಾಕಿದೆವು. ಕಾಲೇಜು ಹುಡುಗಿಯರು ರೀಲ್ ನೋಡುತ್ತಾರೆ, ಆದರೆ ಸೀರೆ ಕೊಡುವುದು ಅವರ ಅಮ್ಮ.

ಇಂಟರೆಸ್ಟ್ ಅನ್ನುವ ಕಡೆ ನಾನು ಮತ್ತೆ ತಪ್ಪಿದೆ. ಸೀರೆ ಅಂತ ಹಾಕಿ, ಪಕ್ಕದಲ್ಲಿ ಕಸೂತಿ, ಹೊಲಿಗೆಗೆ ಸಂಬಂಧಪಟ್ಟ ಎರಡು ಸೇರಿಸಿದೆ. ನೋಡಲು ಸರಿಯಾಗೇ ಇತ್ತು. ಕಸೂತಿಯಲ್ಲಿ ಆಸಕ್ತಿ ಇರುವವರು ಅಂದರೆ ಯಾರು? ಕಸೂತಿ ಮಾಡುವವರು, ಕಲಿಯಬೇಕು ಅನ್ನುವವರು. ‘ಕ್ಲಾಸ್ ತಗೋತೀರಾ ಮೇಡಂ?’, ‘ಈ ಮಣಿ ಎಲ್ಲಿ ಸಿಗುತ್ತೆ?’ ಅನ್ನುವ ಮೆಸೇಜ್ ಶುರುವಾದವು. ಜೊತೆಗೆ ಹನ್ನೆರಡು ಕಿಲೋಮೀಟರ್‌ನಂಥ ಸಣ್ಣ ವೃತ್ತದಲ್ಲಿ ಇಂಟರೆಸ್ಟ್ ಹಾಕಿದಷ್ಟೂ ಜನ ಕಡಿಮೆಯಾಗುತ್ತಾರೆ. ಸ್ಕ್ರೀನ್ ಮೇಲೆ ಅಂದಾಜು ಎಷ್ಟು ಜನಕ್ಕೆ ತಲುಪಬಹುದು ಅಂತ ಕಾಣುವ ಅಂಕಿ ಕುಸಿದಿದ್ದು ನೋಡಿಯೂ ನಾನು ಹಾಗೇ ಬಿಟ್ಟೆ. ಜಾಗ ಚಿಕ್ಕದಿದ್ದರೆ ಇಂಟರೆಸ್ಟ್ ಖಾಲಿ ಬಿಡುವುದೇ ವಾಸಿ ಅಂತ ಈಗ ನನ್ನ ಅಭಿಪ್ರಾಯ.

ದಿನಕ್ಕೆ ಎಷ್ಟು

ಒಟ್ಟು ₹2,400 ಇದೆ. ಜಿಎಸ್‌ಟಿ ತೆಗೆದರೆ ಜಾಹೀರಾತಿಗೆ ಸಿಗುವುದು ಸುಮಾರು ₹2,030. ಅದನ್ನು ₹2,000ಕ್ಕೆ ಇಳಿಸಿದೆವು. ತೆರಿಗೆ ₹360 ಸೇರಿ ₹2,360. ಇದನ್ನು ಹನ್ನೊಂದು ದಿನಕ್ಕೆ ಹೇಗೆ ಹಂಚುವುದು?

ದಿನಕ್ಕೆ ₹50 ಹಾಕಿದರೆ ಏನಾಗುತ್ತದೆ ನೋಡಿ. ಒಂದು ಮೆಸೇಜ್‌ಗೆ ₹13.50 ಅಂದರೆ ದಿನಕ್ಕೆ ಮೂರೋ ನಾಲ್ಕೋ ಬರುತ್ತವೆ. ಒಂದು ದಿನ ಐದು, ಒಂದು ದಿನ ಒಂದು. ಜಾಹೀರಾತು ಚೆನ್ನಾಗಿದೆಯೋ ಇಲ್ಲವೋ ಅಂತ ನಿಮಗೂ ಗೊತ್ತಾಗುವುದಿಲ್ಲ, ಯಾರಿಗೆ ತೋರಿಸಬೇಕು ಅಂತ ಆ್ಯಪ್‌ಗೂ ಕಲಿಯಲು ಆಗುವುದಿಲ್ಲ. ಉಲ್ಟಾ, ₹2,000 ಒಂದೇ ದಿನ ಸುರಿದರೆ ಅವತ್ತು ಸಿಕ್ಕಿದವರಿಗೆಲ್ಲ ತೋರಿಸಿ ಮುಗಿಸುತ್ತದೆ. ನಡುವೆ ಎಡವಿದ್ದರೆ ತಿದ್ದಿಕೊಳ್ಳಲು ದುಡ್ಡೇ ಇರುವುದಿಲ್ಲ.

ನಾನು ಇಟ್ಟುಕೊಂಡ ಅಳತೆ ಇದು: ದಿನದ ಬಜೆಟ್ ಹತ್ತು ಹನ್ನೊಂದು ಮೆಸೇಜ್ ತರುವಷ್ಟಿರಬೇಕು. ₹13.50ರ ಲೆಕ್ಕದಲ್ಲಿ ಅದು ₹150 ಹತ್ತಿರ ಆಗುತ್ತದೆ. ಮೇಲಿನ ಮಿತಿ ಇನ್ನೊಂದು ಕಡೆಯಿಂದ ಬರುತ್ತದೆ. ದಿನಕ್ಕೆ ಎಷ್ಟು ಮೆಸೇಜ್‌ಗೆ ಉತ್ತರ ಕೊಡಲು ಆಗುತ್ತದೆ? ಅತ್ತಿಗೆ ಕೈಯಲ್ಲಿ ಸೂಜಿ ಹಿಡಿದಿರುತ್ತಾರೆ. ಮಧ್ಯಾಹ್ನ ಊಟದ ಹೊತ್ತು, ರಾತ್ರಿ ಅಂಗಡಿ ಮುಚ್ಚಿದ ಮೇಲೆ, ಎರಡೇ ಸಲ ಫೋನ್ ನೋಡುವುದು. ಹದಿನೈದು ದಾಟಿದರೆ ಉತ್ತರ ಮರುದಿನಕ್ಕೆ ಹೋಗುತ್ತದೆ, ಅಷ್ಟರಲ್ಲಿ ಕೇಳಿದವರು ಬೇರೆ ಕಡೆ ಕೊಟ್ಟಿರುತ್ತಾರೆ. ಹಾಗಾಗಿ ₹200 ನಮಗೆ ಗರಿಷ್ಠ.

ಪರೀಕ್ಷೆಗೆ ದಿನಕ್ಕೆ ₹150, ನಾಲ್ಕು ದಿನ, ₹600. ಆಮೇಲೆ ದಿನಕ್ಕೆ ₹200, ಏಳು ದಿನ, ₹1,400. ದಿನಕ್ಕೆ ₹150 ಅಂದರೆ ಪ್ರತಿ ದಿನ ಸರಿಯಾಗಿ ಅಷ್ಟೇ ಹೋಗುವುದಿಲ್ಲ. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಮೊದಲ ದಿನ ಜಾಸ್ತಿ ಹೋಯಿತು ಅಂತ ಗಾಬರಿಯಾಗಿ ನಿಲ್ಲಿಸಬೇಡಿ. ಅವಧಿ ಕೇಳುವ ಕಡೆ, ನಿಲ್ಲಿಸುವ ತನಕ ಓಡಲಿ ಅನ್ನುವ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ. ಸಣ್ಣ ಅಂಗಡಿಯಲ್ಲಿ ಅದನ್ನು ಮರೆಯುವುದು ಬಹಳ ಸುಲಭ.

ಐಫೋನ್ ಇರುವವರಿಗೆ ಒಂದು ಮಾತು. ಐಫೋನ್‌ನ ಆ್ಯಪ್ ಒಳಗಿಂದಲೇ ದುಡ್ಡು ಕಟ್ಟಿದರೆ ಆ್ಯಪಲ್‌ನ ಸರ್ವಿಸ್ ಚಾರ್ಜ್ ಬೇರೆ ಸೇರಬಹುದು. ಅದು ಸಣ್ಣದಲ್ಲ. ಕೊನೆಯ ಪುಟದಲ್ಲಿ ಒಟ್ಟು ಮೊತ್ತ ಓದಿ. ಹಾಗೆ ಸೇರಿದ್ದರೆ ಬ್ರೌಸರ್‌ನಲ್ಲಿ instagram.com ತೆರೆದು ಅಲ್ಲಿಂದ ಬೂಸ್ಟ್ ಮಾಡಿ. ನಿಮಗೆ ಜಿಎಸ್‌ಟಿ ನಂಬರ್ ಇದ್ದರೆ ಪೇಮೆಂಟ್ ಸೆಟ್ಟಿಂಗ್ಸ್‌ನಲ್ಲಿ ಹಾಕಿಡಿ. ಬಿಲ್ಲು ನಿಮ್ಮ ಆಡಿಟರ್‌ಗೆ ಬೇಕಾಗುತ್ತದೆ.

ಓಡುವಾಗ ಏನು ನೋಡಬೇಕು

ಒತ್ತಿದ ಕೂಡಲೇ ಶುರುವಾಗುವುದಿಲ್ಲ. ಮೊದಲು ಪರಿಶೀಲನೆ, ಸಾಮಾನ್ಯವಾಗಿ ಒಂದು ದಿನದೊಳಗೆ ಮುಗಿಯುತ್ತದೆ. ಹಬ್ಬದ ಲೆಕ್ಕದಲ್ಲಿ ಈ ಒಂದು ದಿನವನ್ನೂ ಸೇರಿಸಿಕೊಳ್ಳಿ. ಈ ಹೊತ್ತಲ್ಲೇ ‘ನಿಮ್ಮ ಪೇಜ್ ನಿಯಮ ಮುರಿದಿದೆ, ಈ ಲಿಂಕ್ ಒತ್ತಿ’ ಅಂತ ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಹೆಸರು ಹೇಳಿಕೊಂಡು ಇನ್‌ಬಾಕ್ಸ್‌ಗೆ ಮೆಸೇಜ್ ಬರುವುದುಂಟು. ಅದು ಪಾಸ್‌ವರ್ಡ್ ಕದಿಯುವವರ ಕೆಲಸ. ಒತ್ತಬೇಡಿ.

ಮೊದಲ ಎರಡು ದಿನ ಏನನ್ನೂ ಬದಲಿಸಬಾರದು. ನಾನು ಗಂಟೆಗೊಮ್ಮೆ ನೋಡುತ್ತಿದ್ದೆ, ಅದು ಬೇರೆ ಮಾತು. ನಾಲ್ಕು ದಿನ ಮುಗಿದ ಮೇಲೆ ₹600ಕ್ಕೆ 33 ಮೆಸೇಜ್ ಬಂದಿದ್ದವು. ಒಂದಕ್ಕೆ ₹18. ನಮ್ಮ ₹13.50ಕ್ಕಿಂತ ಜಾಸ್ತಿ. ಬಂದ ಸೀರೆ ನಾಲ್ಕು.

ಇಲ್ಲಿ ಬರೀ ಆ್ಯಪ್ ತೋರಿಸುವ ಇನ್‌ಸೈಟ್ಸ್ ಅಂಕಿ ನೋಡಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಶನಿವಾರ ರಾತ್ರಿ ಅತ್ತಿಗೆ, ನಾನು ಕೂತು 33 ಚಾಟ್‌ಗಳನ್ನೂ ಓದಿದೆವು. ಹನ್ನೊಂದು ಜನ ‘ಎಷ್ಟಾಗುತ್ತೆ ಅಕ್ಕ?’ ಅಂತ ಕೇಳಿ, ಬೆಲೆ ಹೇಳಿದ ಮೇಲೆ ಸುಮ್ಮನಾಗಿದ್ದರು. ಆರು ಜನ ಕ್ಲಾಸ್, ಮಣಿ, ದಾರ ವಿಚಾರಿಸಿದವರು. ಐದು ಜನ ಬಟನ್ ಒತ್ತಿ, ತಾನಾಗೇ ಬರುವ ಮೊದಲ ಸಾಲು ಕಳಿಸಿ ಮಾಯವಾಗಿದ್ದರು. ನಿಜವಾಗಿ ಮಾತಾಡಿದವರು ಹನ್ನೊಂದು, ಅವರಲ್ಲೇ ನಾಲ್ವರು ಬಂದಿದ್ದರು.

ಹೀಗೆ ವಿಂಗಡಿಸಿದ ಮೇಲೆ ಮಾಡಬೇಕಾದ್ದು ತಾನಾಗಿ ಕಂಡಿತು. ಬೆಲೆ ಕೇಳಿ ಸುಮ್ಮನಾದವರಿಗೆ ಬೆಲೆ ಮೊದಲೇ ಗೊತ್ತಾಗಬೇಕಿತ್ತು. ಅತ್ತಿಗೆ ಕ್ಯಾಪ್ಷನ್‌ನಲ್ಲಿ ಬೆಲೆ ಬೇಡ ಅಂದಿದ್ದರು, ‘ಜಾಸ್ತಿ ಅಂತ ಮೆಸೇಜ್ ಮಾಡೋದೇ ಇಲ್ಲ’ ಅಂತ. ದುಡ್ಡು ಕೊಟ್ಟು ತರಿಸುವ ಮೆಸೇಜ್ ಆದ ಮೇಲೆ, ₹600 ಕೊಡದವರು ಮೆಸೇಜ್ ಮಾಡದಿರುವುದೇ ನಮಗೆ ಲಾಭ. ಕಲಿಯುವವರು ಬಂದಿದ್ದು ನನ್ನ ಇಂಟರೆಸ್ಟ್ ಪಟ್ಟಿಯಿಂದ.

ಎರಡನೇ ಕಂತಿಗೆ ಇಂಟರೆಸ್ಟ್ ತೆಗೆದೆವು. ಅದೇ ಕೆಲಸದ ರೀಲನ್ನು ಹೊಸದಾಗಿ ಹಾಕಿ, ಮೊದಲ ಚಿತ್ರದ ಮೇಲೆ ‘ಹಾಸನದಲ್ಲಿ ಸೀರೆ ಕುಚ್ಚು, ₹600ರಿಂದ’ ಅಂತ ಬರೆದೆವು. ಕೊನೆಯ ದಿನ ಜುಲೈ 29 ಅಂತಲೂ ಹಾಕಿದೆವು. ವಾಟ್ಸಾಪ್ ಬಿಸಿನೆಸ್‌ನಲ್ಲಿ ತಾನಾಗಿ ಹೋಗುವ ಸ್ವಾಗತದ ಮೆಸೇಜ್ ಇಟ್ಟೆವು: ಅಂಗಡಿಯ ಜಾಗ, ಸಮಯ, ‘ಸೀರೆಯ ಸೆರಗಿನ ಫೋಟೋ ಕಳಿಸಿ ಅಕ್ಕ, ಬಣ್ಣ ನೋಡಿ ಹೇಳ್ತೀವಿ’ ಅಂತ. ಫೋಟೋ ಕಳಿಸಿದವರು ಬಹುತೇಕ ಬಂದೇ ಬರುತ್ತಾರೆ ಅನ್ನುವುದು ಅತ್ತಿಗೆಯ ಅನುಭವ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷೆ ಮಾಡಬೇಕು ಅಂತ ತಿಳಿದವರು ಹೇಳುತ್ತಾರೆ. ಸರಿಯೇ. ₹1,400 ಉಳಿದಿರುವವರಿಗೆ ಆ ಸುಖ ಇಲ್ಲ.

ಎರಡನೇ ವಾರದಲ್ಲಿ ಇನ್ನೊಂದು ಅಂಕಿಯನ್ನೂ ನೋಡುತ್ತಿರಬೇಕು. ಎಷ್ಟು ಸಲ ನೋಡಲಾಯಿತು ಅನ್ನುವುದನ್ನು ಎಷ್ಟು ಜನ ನೋಡಿದರು ಅನ್ನುವುದರಿಂದ ಭಾಗಿಸಿ. ನಮ್ಮದು ಏಳನೇ ದಿನಕ್ಕೆ ಎರಡು ಚಿಲ್ಲರೆ ಇತ್ತು. ಅಂದರೆ ಒಬ್ಬೊಬ್ಬರು ಎರಡು ಸಲ ನೋಡಿದ್ದಾರೆ. ಅದು ಮೂರು ದಾಟಿ, ಜೊತೆಗೆ ಮೆಸೇಜ್‌ನ ಖರ್ಚೂ ದಿನದಿನಕ್ಕೆ ಏರುತ್ತಿದ್ದರೆ ಆ ವೃತ್ತದಲ್ಲಿ ತೋರಿಸಬೇಕಾದವರಿಗೆಲ್ಲ ತೋರಿಸಿ ಆಗಿದೆ ಅಂತ ಅರ್ಥ. ಆಗ ದಿನ ಎಳೆಯುವುದರಿಂದ ಪ್ರಯೋಜನ ಇಲ್ಲ. ಬೇರೆ ರೀಲ್ ಬೇಕು, ಅಥವಾ ವೃತ್ತ ಸ್ವಲ್ಪ ದೊಡ್ಡದಾಗಬೇಕು.

ಬಂದದ್ದು ಎಷ್ಟು

ಎರಡನೇ ಕಂತಿನ ₹1,400ಕ್ಕೆ 82 ಮೆಸೇಜ್. ಒಂದಕ್ಕೆ ₹17. ನೋಡಿ, ಮೆಸೇಜ್‌ನ ಬೆಲೆ ಹೆಚ್ಚೇನೂ ಇಳಿಯಲಿಲ್ಲ. ಇಳಿಯದಿದ್ದರೂ ಸೀರೆ 19 ಬಂದವು. ಮೊದಲ ಕಂತಿನಲ್ಲಿ ಎಂಟು ಮೆಸೇಜ್‌ಗೆ ಒಂದು, ಈಗ ನಾಲ್ಕೂ ಚಿಲ್ಲರೆಗೆ ಒಂದು. ಸ್ಕ್ರೀನ್ ಮೇಲಿನ ಖರ್ಚಿನ ಅಂಕಿ ಒಂದನ್ನೇ ನೋಡಿದ್ದರೆ ಎರಡೂ ಕಂತು ಒಂದೇ ಥರ ಅನಿಸುತ್ತಿತ್ತು.

ಒಟ್ಟು 23 ಸೀರೆ, ಖರ್ಚು ತೆರಿಗೆ ಸೇರಿ ₹2,360. ಒಂದು ಸೀರೆಗೆ ₹103 ಬಿತ್ತು. ನಾವು ಅಂದುಕೊಂಡಿದ್ದ ₹80 ಅಲ್ಲ, ಮೂವತ್ತು ಸೀರೆಯೂ ಅಲ್ಲ. 23 ಸೀರೆಗೆ ತಲಾ ₹250ರಂತೆ ₹5,750. ಜಾಹೀರಾತು ಕಳೆದರೆ ₹3,390 ಉಳಿಯಿತು. ಬಂದವರಲ್ಲಿ ಆರು ಜನ ಬ್ಲೌಸ್ ಹೊಲಿಗೆಯನ್ನೂ ಕೊಟ್ಟರು. ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಸೇರಿಸಿದರೆ ಮುಂದಿನ ಸಲ ಬಜೆಟ್ ಹಾಕುವಾಗ ಕೈ ಸಡಿಲವಾಗುತ್ತದೆ ಅಂತ ಅತ್ತಿಗೆಯ ವಾದ.

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ₹13.50 ಹೊಡೆದುಹಾಕಿ ಪಕ್ಕದಲ್ಲಿ ₹17 ಅಂತ ಬರೆದಿದ್ದೇವೆ. ದಸರೆಗೆ ಲೆಕ್ಕ ಶುರುವಾಗುವುದು ಅಲ್ಲಿಂದ.

ಬೂಸ್ಟ್ ಜುಲೈ 27ಕ್ಕೆ ನಿಂತರೂ ರೀಲ್ ಅಲ್ಲೇ ಇರುತ್ತದೆ, ಮೆಸೇಜ್ ಬರುತ್ತಲೇ ಇರುತ್ತವೆ. ಕೊನೆಯ ದಿನ ದಾಟಿದ ಮೇಲೆ ವಾಟ್ಸಾಪ್‌ನ ಸ್ವಾಗತದ ಮೆಸೇಜ್ ಬದಲಿಸಲು ಮರೆಯಬೇಡಿ. ನಾವು ಮರೆತಿದ್ದೆವು. ಆಗಸ್ಟ್ 5ರ ರಾತ್ರಿ ಹತ್ತೂವರೆಗೆ ಒಬ್ಬರು ಕಡು ಹಸಿರು ರೇಷ್ಮೆ ಸೀರೆಯ ಸೆರಗಿನ ಫೋಟೋ ಕಳಿಸಿ, ‘ನಾಡಿದ್ದಿಗೆ ಆಗುತ್ತಾ ಅಕ್ಕ?’ ಅಂತ ಕೇಳಿದರು. ಅತ್ತಿಗೆ ಫೋಟೋ ದೊಡ್ಡದು ಮಾಡಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ‘ತಗೊಂಡು ಬನ್ನಿ, ಮಣಿ ಇಲ್ಲದೆ ಬೇಬಿ ಕುಚ್ಚು ಹಾಕಿಕೊಡ್ತೀನಿ’ ಅಂತ ಟೈಪ್ ಮಾಡಿದರು. ಅದು 24ನೆಯದು. ಲೆಕ್ಕಕ್ಕೆ ಸೇರಿಸಿಲ್ಲ.